ಹೆಬ್ಬಾಳೆಯ ಈಚೆ ದಡ

ಕಳಸದಿಂದ ಹೊರನಾಡಿಗೆ ಹೋಗುವಾಗ ಭದ್ರಾ ಹೊಳೆಗೆ ಅಡ್ಡಲಾಗಿ ಹೆಬ್ಬಾಳೆ ಸೇತುವೆ ಸಿಗುತ್ತದೆ. ಬೇಸಿಗೆಯಲ್ಲಿ ಆ ಸೇತುವೆಯನ್ನು ದಾಟಿದ್ದು ಗೊತ್ತಾಗುವುದೇ ಇಲ್ಲ. ಮಳೆಗಾಲದಲ್ಲಿ ಮಾತ್ರ ಅದು ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಕಾಣಿಸಿಕೊಳ್ಳುತ್ತದೆ, 'ಹೆಬ್ಬಾಳೆ ಸೇತುವೆ ಮುಳುಗಡೆ' ಎಂಬ ಒಂದೇ ತಲೆಬರಹದ ಅಡಿಯಲ್ಲಿ. ತಗ್ಗಿನ ಸೇತುವೆ. ಕುದುರೆಮುಖದ ಕಡೆ ಜೋರಾಗಿ ಸುರಿದರೆ ಹೊಳೆ ಅದರ ಮೇಲೆಯೇ ಹರಿದು ಹೋಗುತ್ತದೆ. ಆಗ ಹೊರನಾಡಿಗೆ ಹೋಗುವವರು ಹಳುವಳ್ಳಿಯ ಮೇಲೆ ಸುತ್ತಿಕೊಂಡು ಹೋಗಬೇಕು. ಆ ಊರಿನವರಿಗೆ ಇದು ವರ್ಷವರ್ಷದ ಮಾತು. ಬೇರೆ ಊರಿನಿಂದ ಬಂದವರಿಗೆ ಮಾತ್ರ ಅದೊಂದು ಧರ್ಮಸಂಕಟವಾಗುತ್ತದೆ.

2018ರ ಜುಲೈ ತಿಂಗಳಲ್ಲಿ, ಪುನರ್ವಸು ಮಳೆ ಹಗಲು ರಾತ್ರಿ ಎನ್ನದೆ ಹೊಯ್ಯುತ್ತಿದ್ದಾಗ, ನಾನು ಆ ಸೇತುವೆಯ ಈಚೆ ದಡದಲ್ಲಿ ಸುಮಾರು ಮುಕ್ಕಾಲು ಗಂಟೆ ನಿಂತಿದ್ದೆ. ಅಲ್ಲಿ ಮಾಡಿದ ತೀರ್ಮಾನ ಸರಿಯಾದದ್ದೇ ಎಂದು ಇವತ್ತಿಗೂ ನಂಬಿದ್ದೇನೆ. ಆದರೂ ಅದು ನನ್ನನ್ನು ಬಿಟ್ಟಿಲ್ಲ. ಸರಿಯಾದ ತೀರ್ಮಾನ ಹೀಗೆ ಕಾಡುವುದೇಕೆ ಎಂಬುದನ್ನು ಬರೆದು ನೋಡೋಣ ಎಂದು ಕೂತಿದ್ದೇನೆ.

ಚಿಕ್ಕಮ್ಮನ ಅಣ್ಣ ತೀರಿಕೊಂಡಿದ್ದರು. ಹೊರನಾಡಿನ ಆಚೆ ಅವರದೊಂದು ಅಡಕೆ ತೋಟ, ತೋಟದ ನಡುವೆ ಒಂಟಿ ಮನೆ. ಸುದ್ದಿ ಚಿಕ್ಕಮಗಳೂರಿನ ನಮ್ಮ ಮನೆಗೆ ಬೆಳಗಿನ ಜಾವ ಐದಕ್ಕೆ ಬಂತು. 'ಮಧ್ಯಾಹ್ನ ಮೂರರವರೆಗೆ ಕಾಯುತ್ತೇವೆ' ಎಂದು ಹೇಳುವಷ್ಟರಲ್ಲಿ ಫೋನು ಕಡಿದು ಹೋಯಿತು. ಮತ್ತೆ ಎಷ್ಟು ಪ್ರಯತ್ನಿಸಿದರೂ ಸಿಗಲಿಲ್ಲ. ಮಳೆಗಾಲದಲ್ಲಿ ಆ ಕಡೆ ಕರೆಂಟು ಹೋದರೆ ಹಿಂದೆಯೇ ಫೋನೂ ಹೋಗುತ್ತದೆ. ಒಂದು ಬಾಡಿಗೆ ಕಾರು ಮಾಡಿಕೊಂಡು ಹೊರಟೆವು. ಚಿಕ್ಕಮ್ಮ, ಅವರ ಮಗ, ನಾನು, ಮತ್ತು ಇಪ್ಪತ್ತೈದರ ಒಳಗಿನ ಒಬ್ಬ ಡ್ರೈವರ್ ಹುಡುಗ. ಆಲ್ದೂರು, ಬಾಳೆಹೊನ್ನೂರು, ಮಾಗುಂಡಿ ದಾಟಿ ಕಳಸಕ್ಕೆ ಬರುವಾಗ ಹನ್ನೊಂದೂವರೆ. ಚಿಕ್ಕಮ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ. ಒಮ್ಮೆ ಮಾತ್ರ, 'ಮುಖ ಒಂದು ನೋಡಿದರೆ ಸಾಕು' ಎಂದರು. ಯಾರಿಗೂ ಹೇಳಿದ್ದಲ್ಲ, ಕಿಟಕಿಯ ಗಾಜಿಗೆ ಹೇಳಿದ ಹಾಗಿತ್ತು.

ಕಳಸದಲ್ಲಿ ಮಳೆ ಬಿಟ್ಟಿತ್ತು. ಅಂಗಡಿಗಳ ಎದುರು ಜನ ಕೊಡೆ ಮಡಚಿಕೊಂಡು ನಿಂತಿದ್ದರು. 'ದೇವರು ದೊಡ್ಡವನು' ಎಂದ ಚಿಕ್ಕಮ್ಮನ ಮಗ. ನಾವು ಮೋಸ ಹೋದದ್ದು ಇಲ್ಲಿಯೇ. ನಾವು ನಿಂತಲ್ಲಿ ಬೀಳುವ ಮಳೆಗೂ ನಮ್ಮೆದುರಿನ ಹೊಳೆಗೂ ಅಂಥ ಸಂಬಂಧವಿಲ್ಲ. ಭದ್ರೆ ಹುಟ್ಟುವುದು ಗಂಗಾಮೂಲದಲ್ಲಿ, ಕುದುರೆಮುಖದ ಬೆಟ್ಟಗಳ ಸಾಲಿನಲ್ಲಿ. ಅಲ್ಲಿ ಬಿದ್ದ ನೀರು ಹೆಬ್ಬಾಳೆಗೆ ಬಂದು ಮುಟ್ಟಲು ಕೆಲವು ಗಂಟೆಗಳು ಬೇಕು. ಬೆಳಿಗ್ಗೆ ಬಿದ್ದ ಮಳೆಯ ಲೆಕ್ಕವನ್ನು ಹೊಳೆ ಮಧ್ಯಾಹ್ನ ಒಪ್ಪಿಸುತ್ತದೆ. ಕಳಸದಲ್ಲಿ ಆಕಾಶ ಬೆಳ್ಳಗಾಗಿದ್ದರೂ ಕುದುರೆಮುಖದ ದಿಕ್ಕಿಗೆ ಮೋಡ ಕಪ್ಪಗೆ ಕೂತಿತ್ತು. ಅದನ್ನು ನೋಡಿಯೂ ನೋಡದವರಂತೆ ಸೇತುವೆಯತ್ತ ಹೊರಟೆವು.

ಸೇತುವೆ ಕಾಣಿಸಲಿಲ್ಲ. ರಸ್ತೆ ಇಳಿದು ಹೋಗಿ ಕೆಂಪು ನೀರಿನೊಳಗೆ ಸೇರಿಕೊಂಡಿತ್ತು, ಆಚೆ ದಡದಲ್ಲಿ ಮತ್ತೆ ಎದ್ದು ಬಂದಿತ್ತು. ನಡುವೆ ಎರಡು ಸಾಲಿನಲ್ಲಿ ನೀರು ಉಬ್ಬಿ ಏಳುತ್ತಿದ್ದುದರಿಂದ ಅಲ್ಲಿ ಸೇತುವೆಯ ಅಂಚು ಇರಬೇಕೆಂದು ಊಹಿಸಿಕೊಳ್ಳಬೇಕಿತ್ತು. ನಮಗಿಂತ ಮುಂಚೆ ಬಂದ ಐದಾರು ವಾಹನಗಳು ಬದಿಯಲ್ಲಿ ನಿಂತಿದ್ದವು. ದಾರಿ ಮುಚ್ಚುವವರು ಯಾರೂ ಇನ್ನೂ ಬಂದಿರಲಿಲ್ಲ. ಬಂದು ಅಡ್ಡ ಹಾಕಿದ್ದರೆ ನಾನು ಈ ಪ್ರಬಂಧ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ಅಡ್ಡಗಟ್ಟೆ ಹಾಕಿದವನು ನಮ್ಮ ಪ್ರಾಣವನ್ನಷ್ಟೇ ಕಾಯುವುದಿಲ್ಲ, ನಮ್ಮ ತಲೆಯ ಮೇಲಿನ ಭಾರವನ್ನೂ ಇಳಿಸುತ್ತಾನೆ.

ನಾವು ನೋಡುತ್ತಿರುವಾಗಲೇ ಒಂದು ಜೀಪು ನೀರಿಗಿಳಿಯಿತು. ಒಳಗೆ ಏಳೆಂಟು ಜನ, ತೋಟದ ಕೆಲಸದವರಿರಬೇಕು. ನೀರು ಚಕ್ರದ ನಡುಮಧ್ಯಕ್ಕೆ ಬಂತು. ನಡುವಿನಲ್ಲಿ ಒಂದು ಸಲ ಜೀಪಿನ ಹಿಂಭಾಗ ಕೆಳದಂಡೆಯ ಕಡೆಗೆ ಒಂದಿಷ್ಟು ಸರಿದ ಹಾಗೆ ನನಗೆ ಕಂಡಿತು. ಚಿಕ್ಕಮ್ಮನ ಮಗನಿಗೆ ಹಾಗೆ ಕಾಣಲಿಲ್ಲವಂತೆ. ಆಮೇಲೆ ಅದು ಹೊಗೆ ಉಗುಳುತ್ತ ಆಚೆ ದಡ ಹತ್ತಿತು. ನಿಂತವರಲ್ಲಿ ಒಂದಿಬ್ಬರು ಶಿಳ್ಳೆ ಹೊಡೆದರು.

'ಹೋಗ್ಬಹುದು ಸಾರ್, ನಡು ಹಿಡಿದು ಹೋಗಿ, ನಿಲ್ಲಿಸ್ಬೇಡಿ ಅಷ್ಟೇ' ಎಂದ ಕಂಬಳಿ ಹೊದ್ದ ಒಬ್ಬ. ನಾನು ಅವನನ್ನು ಕೇಳಿದೆ, 'ನೀವು ಯಾವ ಕಡೆಯವರು?' 'ಆಚೆಯವನೇ.' 'ಮತ್ತೆ ಜೀಪಿನಲ್ಲಿ ಹೋಗಲಿಲ್ಲವಲ್ಲ?' ಅವನು ನಕ್ಕು, 'ನಂಗೇನು ಅರ್ಜೆಂಟಿಲ್ಲ ಮಾರಾಯ್ರೆ' ಎಂದ. ದಾರಿ ಕೇಳುವಾಗ ಸಿಕ್ಕ ಉತ್ತರವನ್ನಷ್ಟೇ ಅಲ್ಲ, ಉತ್ತರ ಕೊಟ್ಟವನು ತಾನೇನು ಮಾಡುತ್ತಿದ್ದಾನೆ ಎಂಬುದನ್ನೂ ನೋಡಬೇಕೆಂದು ಅವತ್ತು ತಿಳಿಯಿತು. ಅವನು ಸುಳ್ಳು ಹೇಳಿದ್ದಲ್ಲ. ದಾಟಿದವರನ್ನು ಅವನು ಎಷ್ಟೋ ಸಲ ಕಂಡಿರಬೇಕು. ಅವನ ಪಾಲಿಗೆ ಅದು ಸಲಹೆಯೂ ಅಲ್ಲ, ಮಾತು, ಅಷ್ಟೇ.

ನಮ್ಮ ಡ್ರೈವರ್ ಹುಡುಗ ಚುರುಕಿನವನು. ಅವನು ಕಾರಿನಿಂದ ಇಳಿದವನೇ ಒಂದು ಕಡ್ಡಿ ಮುರಿದು ನೀರಿನ ಅಂಚಿಗೆ ಸರಿಯಾಗಿ ರಸ್ತೆಯ ಬದಿಯ ಮಣ್ಣಿನಲ್ಲಿ ಚುಚ್ಚಿದ. 'ಏನದು?' ಎಂದೆ. 'ಹತ್ತು ನಿಮಿಷ ನೋಡುವ ಸಾರ್. ಏರ್ತಾ ಉಂಟೋ ಇಳೀತಾ ಉಂಟೋ ಗೊತ್ತಾಗ್ತದೆ.' ಅವನ ಅಜ್ಜನ ಮನೆ ಹೊಳೆ ದಂಡೆಯಲ್ಲಿತ್ತಂತೆ. ಇಳಿಯುವ ಹೊಳೆಯಾದರೆ ದಡದ ಕಲ್ಲು, ಹುಲ್ಲುಗಳ ಮೇಲೆ ನೀರಿನಿಂದ ಮೇಲಕ್ಕೆ ಒಂದು ಒದ್ದೆ ಗೆರೆ, ಕೆಸರಿನ ಗೆರೆ ಬಿಟ್ಟಿರುತ್ತದೆ. ಏರುವ ಹೊಳೆ ಹಾಗೆ ಗೆರೆ ಬಿಡುವುದಿಲ್ಲ, ಒಣ ಕಸವನ್ನು ಎತ್ತಿಕೊಳ್ಳುತ್ತ ಬರುತ್ತದೆ. ಅದರ ಮೇಲೆ ತರಗೆಲೆ, ಬಿದಿರು ತುಂಡು, ನೊರೆ, ಒಮ್ಮೊಮ್ಮೆ ಇಡೀ ಮರವೇ ತೇಲಿ ಬರುತ್ತದೆ. ನಮ್ಮೆದುರಿನ ನೀರಿನಲ್ಲಿ ನೊರೆ ತುಂಬಿತ್ತು, ತೆಂಗಿನ ಮಡಲುಗಳು ತೇಲಿ ಹೋಗುತ್ತಿದ್ದವು. ಹತ್ತು ನಿಮಿಷ ಕಳೆಯುವಾಗ ಅಂಚು ಕಡ್ಡಿಯನ್ನು ದಾಟಿ ಒಂದು ಮೊಳ ಮೇಲಕ್ಕೆ ಬಂದಿತ್ತು. ರಸ್ತೆ ಸಣ್ಣ ಇಳಿಜಾರಾದ್ದರಿಂದ ಎತ್ತರದ ಲೆಕ್ಕದಲ್ಲಿ ಅದು ಒಂದಂಗುಲ ಇದ್ದೀತು. ಹತ್ತು ನಿಮಿಷಕ್ಕೆ ಒಂದಂಗುಲವೆಂದರೆ ಗಂಟೆಗೆ ಅರ್ಧ ಅಡಿ. ಹಾಗಾಗಿ 'ಸ್ವಲ್ಪ ಹೊತ್ತು ಕಾದು ದಾಟೋಣ' ಎಂಬ ಮೂರನೆಯ ದಾರಿ ಅಲ್ಲಿಗೆ ಮುಚ್ಚಿತು. ಇಳಿಯುವ ಹೊಳೆಯಾಗಿದ್ದರೆ ಕಾಯುವುದೇ ಎಲ್ಲಕ್ಕಿಂತ ಒಳ್ಳೆಯದು. ಮೇಲೆ ಮಳೆ ಬಿಟ್ಟರೆ ಈ ಹೊಳೆ ಏರಿದಷ್ಟೇ ಬೇಗ ಇಳಿಯುವುದೂ ಉಂಟು. ಆದರೆ ಜನ ಸಾಮಾನ್ಯವಾಗಿ ಕಾಯುವುದನ್ನು ಒಂದು ತೀರ್ಮಾನವೆಂದು ಎಣಿಸುವುದಿಲ್ಲ.

ಉಳಿದದ್ದು ಎರಡು. ಈಗಲೇ ದಾಟುವುದು, ಇಲ್ಲವೆ ಹಳುವಳ್ಳಿಯ ಮೇಲೆ ಸುತ್ತುವುದು.

ಚಿಕ್ಕಮ್ಮನ ಮಗನ ವಾದ ಸರಳವಾಗಿತ್ತು: ಜೀಪು ಹೋಯಿತಲ್ಲ. ನಾನು ಮೇಷ್ಟರ ಕೆಲಸ ಮಾಡಿದವನಾದ್ದರಿಂದ ನಿಂತಲ್ಲೇ ಒಂದು ಲೆಕ್ಕ ಹಾಕಿದೆ. ಜೀಪಿನ ಚಕ್ರದ ನಡುಮಧ್ಯವೆಂದರೆ ಒಂದು ಅಡಿಯ ಮೇಲೆ ಒಂದೆರಡು ಅಂಗುಲ. ನಮ್ಮ ಸಣ್ಣ ಕಾರಿನ ಹೊಟ್ಟೆ ನೆಲದಿಂದ ಒಂದು ಗೇಣು ಮೇಲಿದೆ. ಅಂದರೆ ನೀರು ಹೊಟ್ಟೆಯಿಂದ ಸುಮಾರು ಅರ್ಧ ಅಡಿ ಮೇಲಕ್ಕೆ ಬರುತ್ತದೆ. ಬಾಗಿಲು ಮುಚ್ಚಿದ ಕಾರು ನೀರಿನ ಪಾಲಿಗೆ ಒಂದು ಖಾಲಿ ಪೆಟ್ಟಿಗೆ. ಅದರ ತಳ ಆರು ಚದರ ಮೀಟರಿನಷ್ಟಿದ್ದರೆ, ಮುಳುಗುವ ಪ್ರತಿ ಅಂಗುಲಕ್ಕೂ ನೀರು ಅದನ್ನು ನೂರೈವತ್ತು ಕಿಲೊದಷ್ಟು ಮೇಲಕ್ಕೆತ್ತುತ್ತದೆ. ಆರು ಅಂಗುಲಕ್ಕೆ ಒಂಬೈನೂರು ಕಿಲೊ. ಕಾರು, ನಾವು ನಾಲ್ವರು, ಎಲ್ಲ ಸೇರಿ ಸಾವಿರದಿನ್ನೂರು ಕಿಲೊ ಇದ್ದರೂ ಚಕ್ರಗಳು ನೆಲಕ್ಕೆ ಒತ್ತುವುದು ಮುನ್ನೂರು ಕಿಲೊ ಮಾತ್ರ. ಎತ್ತಿನ ಗಾಡಿಯಷ್ಟೂ ಭಾರವಿಲ್ಲದ ವಸ್ತುವನ್ನು ಓಡುವ ಹೊಳೆಯ ಅಡ್ಡಕ್ಕೆ ಇಟ್ಟ ಹಾಗೆ. ನೀರಿನ ನೂಕು ವೇಗದ ಜೊತೆ ಸಮನಾಗಿ ಬೆಳೆಯುವುದಿಲ್ಲ. ವೇಗ ಇಮ್ಮಡಿಯಾದರೆ ನೂಕು ನಾಲ್ಕು ಪಟ್ಟಾಗುತ್ತದೆ. ಜೀಪಿನ ಹೊಟ್ಟೆ ನಮ್ಮದಕ್ಕಿಂತ ಎತ್ತರ, ಮೈ ತೆರೆದದ್ದು, ಒಳಗೆ ಎಂಟು ಜನರ ಭಾರ ಬೇರೆ. ಅದು ದಾಟಿದ್ದು ನಾವು ದಾಟುತ್ತೇವೆ ಎಂಬುದಕ್ಕೆ ಸಾಕ್ಷಿಯಲ್ಲ. ಅದರ ಹಿಂಭಾಗ ಸರಿದದ್ದು ನಿಜವಾಗಿದ್ದರೆ, ನಾವು ದಾಟಲಾರೆವು ಎಂಬುದಕ್ಕೇ ಸಾಕ್ಷಿ.

ನೀರಿನಡಿಯ ಸೇತುವೆ ಹೇಗಿದೆ ಎಂಬುದಂತೂ ಯಾರ ಲೆಕ್ಕಕ್ಕೂ ಸಿಗದ್ದು. ಹೊಳೆ ಸೇತುವೆಯ ಮೇಲೆ ಹರಿಯುವಾಗ ಕಾಂಕ್ರೀಟಿಗಿಂತ ಮುಂಚೆ ಕೊರೆದು ಹಾಕುವುದು ಎರಡೂ ತುದಿಗಳಲ್ಲಿ ರಸ್ತೆ ಸೇರುವ ಮಣ್ಣನ್ನು. ಮೇಲಿನಿಂದ ನೋಡಿದರೆ ನೀರು ಒಂದೇ ಸಮ. ಅಡಿಯಲ್ಲಿ ರಸ್ತೆ ಇದೆಯೋ ಹೊಂಡವೋ ಗೊತ್ತಾಗುವುದು ಚಕ್ರ ಅಲ್ಲಿಗೆ ಹೋದಾಗಲೇ.

ಇಷ್ಟಾಗಿಯೂ ಸುತ್ತು ದಾರಿ ನಿಶ್ಚಿಂತೆಯದೇನಲ್ಲ. ಎದುರಿನ ದಾರಿಯ ಅಪಾಯ ಕಣ್ಣಿಗೆ ಕಾಣಿಸುತ್ತದೆ, ಬದಲಿ ದಾರಿಯದು ಕಾಣಿಸುವುದಿಲ್ಲ. ಹಾಗಾಗಿ ಬದಲಿ ದಾರಿ ಯಾವಾಗಲೂ ಒಳ್ಳೆಯದಾಗಿ ತೋರುತ್ತದೆ. ನಿಂತ ವಾಹನಗಳ ನಡುವೆ ಆ ಕಡೆಯಿಂದಲೇ ಬಂದ ಒಬ್ಬ ಪಿಕಪ್ ಡ್ರೈವರನ್ನು ಹುಡುಕಿ ಹಿಡಿದೆವು. ಮೊದಲು ಕೇಳಬೇಕಾದ್ದು ದೂರವೆಷ್ಟು ಎಂದಲ್ಲ. ಆ ದಾರಿಯೂ ಇದೇ ಹೊಳೆಯನ್ನು ಎಲ್ಲಾದರೂ ದಾಟಲೇಬೇಕಲ್ಲ, ಅಲ್ಲಿ ಸೇತುವೆ ಎಷ್ಟು ಎತ್ತರ ಎಂದು. ಒಂದೇ ಹೊಳೆಯ ಎರಡು ತಗ್ಗು ಸೇತುವೆಗಳು ಒಂದೇ ದಿನ ಮುಳುಗುತ್ತವೆ. ಅಲ್ಲಿ ಸೇತುವೆಗೆ ತೊಂದರೆಯಿಲ್ಲ, ಎಂದ. ಎರಡನೆಯದು, ನಡುವಿನ ಸಣ್ಣ ಹಳ್ಳಗಳ ಮೋರಿಗಳು ಕಟ್ಟಿಕೊಂಡಿವೆಯೇ? ಒಂದು ಕಡೆ ನೀರು ರಸ್ತೆಗೆ ಬಂದಿದೆ, ಆದರೆ ಪಾದ ಮುಳುಗುವಷ್ಟು, ಹರಿವಿಲ್ಲ. ಮೂರನೆಯದು, ಧರೆ ಕುಸಿದಿದೆಯೇ, ಮರ ಬಿದ್ದಿದೆಯೇ? ಇದಕ್ಕೆ ಅವನು ಹೇಳಿದ್ದು ಪ್ರಾಮಾಣಿಕವಾದ ಮಾತು: 'ನಾನು ಬರುವಾಗ ಬಿದ್ದಿರ್ಲಿಲ್ಲ. ಅದು ಒಂದು ಗಂಟೆ ಹಿಂದಿನ ಮಾತು ಸಾರ್.' ಎಷ್ಟು ಹೊತ್ತಾದೀತು ಎಂದರೆ, 'ಒಂದೂವರೆ ಗಂಟೆ. ಮರ ಬಿದ್ರೆ ದೇವರೇ ಗತಿ.' ಗಂಟೆ ಹನ್ನೆರಡೂ ಮುಕ್ಕಾಲು. ಸರಿಯಾಗಿ ನಡೆದರೆ ಎರಡೂಕಾಲಿಗೆ ತಲುಪುತ್ತೇವೆ. ಮೂರಕ್ಕೆ ಮುಕ್ಕಾಲು ಗಂಟೆ ಉಳಿಯುತ್ತದೆ.

ಅಷ್ಟರಲ್ಲಿ ಚಿಕ್ಕಮ್ಮನ ಮಗ ಡ್ರೈವರ್ ಹುಡುಗನನ್ನು ಬದಿಗೆ ಕರೆದು, 'ದಾಟಿಸು ಮಾರಾಯ, ಇನ್ನೊಂದು ಸಾವಿರ ಮೇಲೆ ಕೊಡ್ತೇನೆ' ಎಂದದ್ದು ನನ್ನ ಕಿವಿಗೆ ಬಿತ್ತು. ಹುಡುಗ ನನ್ನ ಮುಖ ನೋಡಿದ. ನಾನು, 'ನಿನಗೆ ಹೇಗೆ ಕಾಣ್ತದೆ?' ಎಂದೆ. 'ನೀವು ಹೇಳಿದ ಹಾಗೆ ಸಾರ್.'

ಈ ಮಾತನ್ನು ಒಪ್ಪಿಗೆಯೆಂದು ತಿಳಿಯುವವರು ಬಹಳ. ಆದರೆ ಬಾಡಿಗೆಗೆ ಬಂದವನು ಹೇಳುವ 'ನೀವು ಹೇಳಿದ ಹಾಗೆ' ಎಂಬುದರಲ್ಲಿ ಒಪ್ಪಿಗೆ ಎಷ್ಟಿದೆ? ಕಾರು ಮಾಲೀಕರದ್ದು, ದಿನದ ಭತ್ಯ ಅವನದ್ದು, ಗಿರಾಕಿ ಮುನಿದರೆ ಹೋಗುವುದೂ ಅವನದ್ದೇ. ನಾನು ಪ್ರಶ್ನೆಯನ್ನು ಬದಲಾಯಿಸಿದೆ. 'ಕಾರಿನಲ್ಲಿ ನಿನ್ನ ಅಮ್ಮ ಕೂತಿದ್ದಾರೆ ಅಂತ ಇಟ್ಟುಕೋ. ಏನು ಮಾಡ್ತಿದ್ದೆ?' ಅವನು ತಡಮಾಡಲಿಲ್ಲ. 'ನಾ ಹೋಗ್ತಿರ್ಲಿಲ್ಲ ಸಾರ್. ಹಿಂದೆ ತಿರುಗಿಸ್ತಿದ್ದೆ.' ನನ್ನ ಮಟ್ಟಿಗೆ ತೀರ್ಮಾನವಾದದ್ದು ಆ ಕ್ಷಣದಲ್ಲಿ. ಲೆಕ್ಕ ಮೊದಲೇ ಆಗಿತ್ತು, ನಿಜ. ಆದರೆ ಲೆಕ್ಕ ಎಷ್ಟು ಗಟ್ಟಿಯಾಗಿದ್ದರೂ ಚಿಕ್ಕಮ್ಮನ ಆ ಮೌನದ ಎದುರು ಅದು ನಿಲ್ಲುತ್ತಿತ್ತೋ ಇಲ್ಲವೋ ಹೇಳಲಾರೆ. ಅವರ ಅಣ್ಣನ ಮುಖಕ್ಕಾಗಿ ನಾವು ಮೂವರು ಪ್ರಾಣ ಒಡ್ಡಬಹುದಿತ್ತೇನೋ. ಆ ಹುಡುಗನಿಗೆ ಆ ಮುಖ ಯಾರದ್ದು? ಅವನ ಪ್ರಾಣವನ್ನು ಸಾವಿರ ರೂಪಾಯಿಗೆ ಎರವಲು ತರಲು ನಾವು ಯಾರು?

'ಹಳುವಳ್ಳಿ ಮೇಲೆ ಹೋಗೋಣ' ಎಂದು ಹೇಳಿ ಕಾರು ಹತ್ತಿದೆ. ಚಿಕ್ಕಮ್ಮ ಹಿಂದಿನ ಸೀಟಿನಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದರು. ಏನೂ ಹೇಳಲಿಲ್ಲ. ಕಾರು ತಿರುಗಿಸುವಾಗ ನಮ್ಮ ಹಿಂದೆ ನಿಂತಿದ್ದ ಒಂದು ವ್ಯಾನು ನೀರಿಗೆ ಇಳಿಯುತ್ತಿತ್ತು. ಅದೂ ದಾಟಿತು. ನಾನು ಕನ್ನಡಿಯಲ್ಲಿ ನೋಡಿದೆ, ಚಿಕ್ಕಮ್ಮ ತಿರುಗಿ ನೋಡಿದರು.

ಮರ ಬಿದ್ದಿತ್ತು. ದೊಡ್ಡದೇನಲ್ಲ, ತೋಟದ ಅಂಚಿನ ಒಂದು ಸಿಲ್ವರ್ ಓಕ್, ಆದರೆ ರಸ್ತೆಗೆ ಅಡ್ಡವಾಗಿ, ವಿದ್ಯುತ್ ತಂತಿಯನ್ನೂ ಎಳೆದುಕೊಂಡು ಬಿದ್ದಿತ್ತು. ತಂತಿ ಸತ್ತಿದೆಯೋ ಜೀವಂತವಾಗಿದೆಯೋ ಗೊತ್ತಿಲ್ಲದೆ ಕೊಡಲಿ ಹಾಕುವವರು ಯಾರೂ ಇಲ್ಲ. ಲೈನ್‌ಮನ್ ಬಂದು ಖಾತ್ರಿ ಮಾಡಿಕೊಟ್ಟ ಮೇಲೆ ಹತ್ತಿರದ ಲೈನಿನ ಮನೆಯವರು ಕತ್ತಿ, ಕೊಡಲಿ ತಂದು ಕಡಿದು ಎಳೆದರು. ನಾವೂ ಕೈ ಹಾಕಿದೆವು. ಅಲ್ಲಿ ಎರಡು ಗಂಟೆ ಹೋಯಿತು. ತೋಟದ ಮನೆಯ ಅಂಗಳಕ್ಕೆ ಕಾಲಿಡುವಾಗ ನಾಲ್ಕೂಕಾಲು. ಮನೆಯ ಹಿಂದಿನ ಗುಡ್ಡದ ಬದಿಯಲ್ಲಿ, ತಗಡಿನ ಚಪ್ಪರದ ಕೆಳಗಿನಿಂದ ಹೊಗೆ ಏಳುತ್ತಿತ್ತು.

ಅವರು ಮೂರೂವರೆಯವರೆಗೆ ಕಾದಿದ್ದರು. ನಾವು ಹೊರಟಿದ್ದೇವೋ ಇಲ್ಲವೋ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಬಂದ ನೆಂಟರು, ಪುರೋಹಿತರು, ಕೆಲಸದವರು ಎಲ್ಲರೂ ಕತ್ತಲಾಗುವ ಮುಂಚೆ ತಮ್ಮ ತಮ್ಮ ಹಳ್ಳ ದಾಟಿ ಮನೆ ಸೇರಬೇಕಿತ್ತು. ನಾವು ಹೊಳೆಯ ಈಚೆ ದಡದಲ್ಲಿ ಗಡಿಯಾರ ನೋಡಿಕೊಂಡು ಯಾವ ಲೆಕ್ಕ ಹಾಕುತ್ತಿದ್ದೆವೋ ಅದೇ ಲೆಕ್ಕವನ್ನು ಅವರು ಆಚೆ ದಡದಲ್ಲಿ ಹಾಕುತ್ತಿದ್ದರು. ಅವರದ್ದೂ ತಪ್ಪೆನ್ನಲು ಬರುವುದಿಲ್ಲ.

ಜೀಪಿನವರು, ವ್ಯಾನಿನವರು ದಾಟಿದರು, ಅವರಿಗೇನೂ ಆಗಲಿಲ್ಲ. ನಾವು ದಾಟಲಿಲ್ಲ, ನಮಗೆ ಆಗಬಾರದ್ದು ಆಯಿತು. ಫಲ ನೋಡಿ ಕರ್ಮವನ್ನು ಅಳೆಯುವ ಲೋಕದಲ್ಲಿ ವ್ಯಾನಿನವನು ಜಾಣ, ನಾನು ಪುಕ್ಕಲ. ಬಹಳ ದಿನ ನಾನು ಇದೇ ಅಳತೆಯ ವಿರುದ್ಧ ಮನಸ್ಸಿನಲ್ಲೇ ವಾದ ಹೂಡುತ್ತಿದ್ದೆ. ಹತ್ತು ಸಲ ದಾಟಿದವನು ಒಂಬತ್ತು ಸಲ ದಡ ಸೇರಿದರೆ ಆ ಒಂಬತ್ತೂ ಸಲ ಅವನು ಸರಿ, ಹತ್ತನೆಯ ಸಲ ಮಾತ್ರ ತಪ್ಪು ಎಂದಾಗುವುದಿಲ್ಲ. ಹತ್ತೂ ಸಲ ಮಾಡಿದ್ದು ಒಂದೇ ಕೆಲಸ. ದಡದಲ್ಲಿ ನಿಂತಾಗ ಕೈಯಲ್ಲಿ ಏನಿತ್ತೋ ಅದರಿಂದಲೇ ತೀರ್ಮಾನವನ್ನು ತೂಗಬೇಕು, ಆಮೇಲೆ ಹೊಳೆ ಏನು ಮಾಡಿತು ಎಂಬುದರಿಂದಲ್ಲ. ಚಿಕ್ಕಮ್ಮನ ಮಗನೊಡನೆ ಈ ಮಾತನ್ನು ಎರಡು ಸಲ ಆಡಿದ್ದೇನೆ. ಅವನು ಒಪ್ಪುತ್ತಾನೆ. ಒಪ್ಪಿ, 'ಆದ್ರೂ ವ್ಯಾನು ದಾಟಿತಲ್ಲ ಅಣ್ಣ' ಎನ್ನುತ್ತಾನೆ.

ಮರುವರ್ಷ ವರ್ಷಾಂತಿಕಕ್ಕೆ ಅದೇ ದಾರಿಯಲ್ಲಿ ಹೋದೆವು. ಆ ಸಲ ಮಳೆ ತಡವಾಗಿತ್ತು, ಹೊಳೆ ಸೇತುವೆಯ ಕೆಳಗೆ ತನ್ನ ಪಾಡಿಗೆ ತಾನಿತ್ತು. ಚಿಕ್ಕಮ್ಮ ಕಾರು ನಿಲ್ಲಿಸಲು ಹೇಳಿ ಇಳಿದರು. ಸೇತುವೆಯ ಮೇಲೆ ನಡುವಿನವರೆಗೆ ನಡೆದು ಹೋಗಿ ನೀರು ನೋಡಿದರು. ನಾನು ಪಕ್ಕದಲ್ಲಿ ನಿಂತೆ. ಅವರಾಗಿಯೇ ಮಾತು ತೆಗೆಯಲಿ ಎಂದು ಕಾಯುತ್ತಿದ್ದೆ. ತೆಗೆದರೆ ನನ್ನ ಕಿಲೊಗಳ ಲೆಕ್ಕ, ಕಡ್ಡಿಯ ಲೆಕ್ಕ ಎಲ್ಲ ತಯಾರಾಗಿಯೇ ಇತ್ತು.

'ಅವತ್ತು ನೀನು ಆ ಡ್ರೈವರ್ ಹುಡುಗನನ್ನು ಕೇಳಿದೆ' ಎಂದರು. 'ಕಂಬಳಿಯವನನ್ನು ಕೇಳಿದೆ. ಪಿಕಪ್ಪಿನವನನ್ನು ಕೇಳಿದೆ. ನನ್ನನ್ನು ಒಂದು ಮಾತು ಕೇಳಲಿಲ್ಲ.'

ನನ್ನ ಲೆಕ್ಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಯಾಕೆ ಕೇಳಲಿಲ್ಲ? 'ದಾಟೋಣ' ಎಂದುಬಿಟ್ಟರೆ ಏನು ಮಾಡುವುದು ಎಂಬ ಹೆದರಿಕೆ ಇತ್ತು. ದುಃಖದಲ್ಲಿರುವವರ ಮೇಲೆ ತೀರ್ಮಾನದ ಭಾರ ಹಾಕಬಾರದು ಎಂಬ ಮರ್ಯಾದೆಯೂ ಇತ್ತು, ಅಥವಾ ಹೆದರಿಕೆಯೇ ಮರ್ಯಾದೆಯ ಶಾಲು ಹೊದ್ದು ಬಂದಿತ್ತೋ. ನಾಲ್ವರಲ್ಲಿ ಪ್ರಾಣ ಒಡ್ಡಬೇಕಾದವನು ಡ್ರೈವರ್ ಹುಡುಗ, ಅವನನ್ನು ಕೇಳಿದ್ದೆ, ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಆದರೆ ಸುತ್ತಿ ಹೋದರೆ ಕಳೆದುಕೊಳ್ಳಬೇಕಾದವರು ಚಿಕ್ಕಮ್ಮ ಒಬ್ಬರೇ. ಅವರ ಪಾಲಿನದನ್ನು ನಾನು ಅವರ ಪರವಾಗಿ ಬಿಟ್ಟುಕೊಟ್ಟಿದ್ದೆ.

'ಕೇಳಿದ್ದರೆ ಏನು ಹೇಳ್ತಿದ್ದಿರಿ ಚಿಕ್ಕಮ್ಮ?' ಎಂದೆ.

'ಸುತ್ತಿ ಹೋಗು ಅಂತಿದ್ದೆ. ಮತ್ತೆಂತ? ಮೂರು ಜನ ಗಂಡು ಹುಡುಗರನ್ನು ನೀರಿಗೆ ಹಾಕ್ತಿದ್ದೆನಾ ನಾನು?' ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಣ್ಣನ ಹತ್ತಿರ ಮನಸ್ಸಿನಲ್ಲೇ ಒಂದು ಮಾತು ಹೇಳಿ ಬಿಡ್ತಿದ್ದೆ, ಬರಲಿಕ್ಕೆ ಆಗೋದಿಲ್ಲ ಅಂತ. ಇಲ್ಲಿಂದಲೇ. ಈ ದಡದಲ್ಲೇ ನಿಂತು' ಎಂದರು. 'ಸಂಜೆವರೆಗೂ ಸಿಗ್ತದೆ ಸಿಗ್ತದೆ ಅಂತ ಕೂತಿದ್ದೆ ನೋಡು.'

ದಡದಲ್ಲಿ ಕಾರಿನ ಹಾರ್ನ್ ಕೇಳಿಸಿತು. ಊಟದ ಹೊತ್ತಿಗೆ ಮುಟ್ಟಬೇಕಿತ್ತು. ಚಿಕ್ಕಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ನನಗಿಂತ ಮುಂದೆ ನಡೆದರು.